ಎತ್ತಿನ ಹೆಗಲ ಬಾವು: ಕಾರಣ ನೊಗದಲ್ಲೋ, ಗೊರಸಿನಲ್ಲೋ, ಗೋದಲಿಯಲ್ಲೋ?

ರೈತ ಬಾಂಧವರೆ, ನಮಸ್ಕಾರ.

ಮುಂಗಾರಿನ ಹದ ಸಿಕ್ಕಿತೆಂದರೆ ನಮ್ಮ ಕಡೆ ಎತ್ತುಗಳಿಗೆ ಬಿಡುವಿಲ್ಲ. ಬೇಸಿಗೆಯೆಲ್ಲ ಕಟ್ಟಿದಲ್ಲೇ ನಿಂತ ಎತ್ತನ್ನು ಒಮ್ಮೆಲೇ ಕುಂಟಿಗೆ ಹೂಡುತ್ತೇವೆ. ನಾಲ್ಕೈದು ದಿನಕ್ಕೆ ಹೆಗಲ ಮೇಲೆ ಬಾವು ಕಾಣಿಸುತ್ತದೆ. ಆಗ ಎಲ್ಲರೂ ನೊಗವನ್ನೇ ದೂರುತ್ತಾರೆ. ನೊಗದ ತಪ್ಪು ಇರಬಹುದು. ಆದರೆ ಅದೇ ನೊಗ ಇನ್ನೊಂದು ಎತ್ತಿಗೆ ಏನೂ ಮಾಡಿಲ್ಲವೆಂದರೆ ಎತ್ತಿನ ಕಾಲನ್ನೂ ಮೇವನ್ನೂ ನೋಡಬೇಕಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕುಷ್ಟಗಿ ಕಡೆಯ ಗರಸು ಬೆರೆತ ಮಸಾರಿ ಹೊಲ. ರೋಹಿಣಿ ಮಳೆಯಾದ ಮೇಲೆ ಕುಂಟಿ ಹೊಡೆಯುತ್ತಿದ್ದಾರೆ. ನಾಲ್ಕನೇ ದಿನ ಸಂಜೆ ನೊಗ ಇಳಿಸಿದಾಗ ಎಡಗಡೆ ಎತ್ತಿನ ಹೆಗಲ ಒಂದು ಮಗ್ಗುಲಲ್ಲಿ ನಿಂಬೆಹಣ್ಣಿನಷ್ಟು ಬಾವು. ಮುಟ್ಟಿದರೆ ಬಿಸಿ, ಒತ್ತಿದರೆ ಎತ್ತು ಕತ್ತು ಎಳೆದುಕೊಳ್ಳುತ್ತದೆ. ಮೊದಲು ನೊಗವನ್ನು ತಿರುವಿ, ಹೆಗಲಿಗೆ ಕೂರುವ ಜಾಗದಲ್ಲಿ ಅಂಗೈ ಆಡಿಸಿ ನೋಡಿ. ಸಿಬಿರು, ಗಂಟು, ಚೂಪಾದ ಅಂಚು ಕೈಗೆ ಸಿಗುತ್ತವೆ. ಈ ಜಾಗ ಅಗಲವಾಗಿ, ಕತ್ತಿನ ಉಬ್ಬಿಗೆ ತಕ್ಕಂತೆ ತುಸು ಬಾಗಿರಬೇಕು. ಇಕ್ಕಟ್ಟಾಗಿದ್ದರೆ ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಆಮೇಲೆ ಈಸು ನೊಗದ ನಟ್ಟನಡುವೆ ಇದೆಯೋ ನೋಡಿ. ಈಸು ಯಾವ ಕಡೆಗೆ ಸರಿದಿರುತ್ತದೋ ಆ ಕಡೆಯ ಎತ್ತಿಗೆ ಎಳೆತ ಹೆಚ್ಚು.

ನಮ್ಮ ಉದಾಹರಣೆಯಲ್ಲಿ ನೊಗ ನುಣುಪಾಗಿದೆ, ಈಸೂ ನಡುವೆ ಇದೆ. ಹಾಗಾದರೆ ಎತ್ತನ್ನು ನೊಗವಿಲ್ಲದೆ ಗಟ್ಟಿ ನೆಲದ ಮೇಲೆ ನಡೆಸಿ, ಎದುರಿಗೆ ನಿಂತು ತಲೆಯನ್ನು ಗಮನಿಸಿ. ಮುಂಗಾಲಲ್ಲಿ ನೋವಿದ್ದರೆ ಆ ಕಾಲು ನೆಲ ಮುಟ್ಟಿದಾಗ ಎತ್ತು ತಲೆ ಮೇಲೆತ್ತುತ್ತದೆ, ಚೆನ್ನಾಗಿರುವ ಕಾಲು ಊರಿದಾಗ ತಗ್ಗಿಸುತ್ತದೆ. ಹಾಗೇ ಆಯಿತೆನ್ನಿ. ಕಾಲೆತ್ತಿ ನೋಡಿದರೆ ಹೊರಗೊರಸಿನ ಲಾಳದ ಒಂದು ಮೊಳೆ ಕಿತ್ತುಹೋಗಿ, ಸಡಿಲಾದ ಲಾಳದ ಕೆಳಗೆ ಹರಳು ಸೇರಿಕೊಂಡಿದೆ. ನೋಯುವ ಕಾಲಿನ ಎತ್ತು ಹಿಂದೆ ಬೀಳುತ್ತದೆ, ಜೋಡಿ ಎತ್ತು ಮುಂದೆ ಹೋಗುತ್ತದೆ, ನೊಗ ಓರೆಯಾಗುತ್ತದೆ. ಓರೆಯಾದ ನೊಗ ಹೆಗಲ ಮೇಲೆ ಸಪಾಟಾಗಿ ಕೂರುವುದಿಲ್ಲ, ಅದರ ಅಂಚು ಒಂದೇ ಕಡೆ ಉಜ್ಜುತ್ತದೆ. ಹೀಗಾಗಿ ಹೆಗಲಿಗೆ ಎಷ್ಟು ಮುಲಾಮು ಹಚ್ಚಿದರೂ ಆ ಹರಳು ತೆಗೆಯುವವರೆಗೆ ಬಾವು ಮರಳಿ ಬರುತ್ತಲೇ ಇರುತ್ತದೆ.

ಲಾಳದ ಮಾತಿಗೆ ಬಂದೆವು. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು, ನಾಲ್ಕು ಕಾಲಿಗೆ ಎಂಟು ಲಾಳ. ಗಾಡಿ ಹೂಡುವ, ಡಾಂಬರು ರಸ್ತೆಯಲ್ಲಿ ನಡೆಯುವ ಎತ್ತಿಗೆ, ಗರಸು ನೆಲದಲ್ಲಿ ದುಡಿಯುವ ಎತ್ತಿಗೆ ಇದು ಬೇಕೇ ಬೇಕು. ಸಿಂಧನೂರು, ಸಿರುಗುಪ್ಪ ಕಡೆಯ ಎರಿ ಹೊಲದಲ್ಲಷ್ಟೇ ದುಡಿಯುವ ಎತ್ತಿಗೆ ಇದರ ಅಗತ್ಯ ಕಡಿಮೆ. ಲಾಳ ಕಟ್ಟಿಸುವ ದಿನ ಬೆಳಿಗ್ಗೆ ಹೊಟ್ಟೆ ತುಂಬ ಮೇಯಿಸಬೇಡಿ. ತುಂಬಿದ ಹೊಟ್ಟೆಯಲ್ಲಿ ಕೆಡವಿದರೆ ಉಬ್ಬರ ಬಂದು ಉಸಿರು ಕಟ್ಟುತ್ತದೆ. ಮೆತ್ತನೆಯ ಮಣ್ಣಿನ ಮೇಲೆ ಕೆಡವಿ, ಕೆಲಸ ಮುಗಿದ ಕೂಡಲೇ ಹಗ್ಗ ಬಿಚ್ಚಿ. ಎತ್ತಿನ ಗೊರಸಿನ ಗೋಡೆ ತೆಳ್ಳಗಿರುತ್ತದೆ. ಮೊಳೆ ಹೊರ ಅಂಚಿನಲ್ಲೇ ಹೋಗಿ, ಹೊರಮುಖವಾಗಿ ತುದಿ ಕಾಣಬೇಕು. ಹೊಡೆದ ಮೊಳೆಯ ತುದಿ ಹೊರಗೆ ಕಾಣಲಿಲ್ಲವೆಂದರೆ, ಅಥವಾ ಎತ್ತು ಥಟ್ಟನೆ ಕಾಲು ಜಾಡಿಸಿತೆಂದರೆ, ಮೊಳೆ ಒಳಗಿನ ಜೀವಂತ ಭಾಗಕ್ಕೆ ಹೋಗಿದೆ. ಅದನ್ನು ಆಗಲೇ ಕೀಳಿಸಿ, ತೂತಿಗೆ ಟಿಂಕ್ಚರ್ ಅಯೋಡಿನ್ ಬಿಟ್ಟು, ಆ ಗೊರಸಿಗೆ ಕೆಲವು ದಿನ ಲಾಳ ಬೇಡ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಪಶುವೈದ್ಯರನ್ನು ಕೇಳಿ. ಲಾಳ ಸವೆಯದಿದ್ದರೂ ಗೊರಸು ಬೆಳೆಯುತ್ತಿರುತ್ತದೆ, ಆದ್ದರಿಂದ ಒಂದೂವರೆ ತಿಂಗಳಿಗೊಮ್ಮೆ ಬಿಚ್ಚಿಸಿ, ಹೆಚ್ಚಾದ ಗೊರಸು ಕೆತ್ತಿಸಿ, ಮತ್ತೆ ಕಟ್ಟಿಸಬೇಕು. ದಿನಾ ಸಂಜೆ ನಾಲ್ಕೂ ಕಾಲಿನ ಲಾಳವನ್ನು ಬೆರಳಿನಿಂದ ಅಲುಗಿಸಿ ನೋಡುವುದು ಎರಡು ನಿಮಿಷದ ಕೆಲಸ.

ಇನ್ನು ಮೇವು. ಹೆಗಲಲ್ಲಿ ಮಾಂಸ ಕಡಿಮೆಯಾದರೆ ನೊಗಕ್ಕೂ ಎಲುಬಿಗೂ ನಡುವೆ ಬರೀ ಚರ್ಮ ಉಳಿಯುತ್ತದೆ. ಬಡಕಲು ಎತ್ತಿಗೆ ಹೆಗಲು ಬೇಗ ಒಡೆಯುವುದು ಇದಕ್ಕೇ. ಹಾಗಾಗಿ ಬಿತ್ತನೆಗೆ ಹದಿನೈದು ದಿನ ಮೊದಲೇ ದಾಣಿ ಶುರು ಮಾಡಬೇಕು. 400 ಕೆ.ಜಿ. ತೂಗುವ ಎತ್ತಿಗೆ ಅರ್ಧ ಕೆ.ಜಿ.ಯಿಂದ ಆರಂಭಿಸಿ, ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಕೆ.ಜಿ. ಏರಿಸುತ್ತ ಎರಡು ಕೆ.ಜಿ.ಗೆ ತನ್ನಿ. ದಿನವಿಡೀ ಹೂಡುವ ದಿನಗಳಲ್ಲಿ ಎರಡೂವರೆ ಕೆ.ಜಿ. ಸಾಕು. ಶೇಂಗಾ ಹಿಂಡಿ ಅಥವಾ ಹತ್ತಿಕಾಳು ಹಿಂಡಿ ಒಂದು ಪಾಲು, ಜೋಳದ ನುಚ್ಚು ಒಂದು ಪಾಲು, ತೌಡು ಒಂದು ಪಾಲು ಹಾಕಿ, ಅದರ ಮೇಲೆ 30 ಗ್ರಾಂ ಉಪ್ಪು, 50 ಗ್ರಾಂ ಖನಿಜ ಮಿಶ್ರಣ. ಬೂಸ್ಟು ಹಿಡಿದ ಹಿಂಡಿ ಅಗ್ಗವಾಗಿ ಸಿಕ್ಕರೂ ಬೇಡ, ಅದರ ವಿಷ ಯಕೃತ್ತಿಗೆ ಹೊಡೆಯುತ್ತದೆ. ಜೊತೆಗೆ ಆರೇಳು ಕೆ.ಜಿ. ಜೋಳದ ಕಣಿಕೆ, ಸಿಕ್ಕಷ್ಟು ಹಸಿ ಮೇವು. ಕಾಲುವೆ ಸೀಮೆಯಲ್ಲಿ ಭತ್ತದ ಹುಲ್ಲೇ ಹೆಚ್ಚು ಸಿಗುತ್ತದೆ. ಅದರಲ್ಲಿ ಸತ್ವ ಕಡಿಮೆ ಇರುವುದರಿಂದ ಶೇಂಗಾ ಹೊಟ್ಟು ಬೆರೆಸಿ ಕೊಡಿ.

ನಾಳೆ ಹೂಡಬೇಕೆಂದು ಇವತ್ತು ರಾತ್ರಿ ಒಂದೇ ಸಲ ಮೂರು ನಾಲ್ಕು ಕೆ.ಜಿ. ಕಾಳು ಇಟ್ಟರೆ ಹೊಟ್ಟೆ ಹುಳಿಯಾಗುತ್ತದೆ. ಎತ್ತು ಮೆಲುಕು ನಿಲ್ಲಿಸುತ್ತದೆ, ಸಗಣಿ ಹುಳಿ ವಾಸನೆಯಿಂದ ತೆಳ್ಳಗೆ ಬರುತ್ತದೆ. ಅಂಥ ಎತ್ತನ್ನು ಹೂಡಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ. ದಾಣಿಯನ್ನು ಬೆಳಗಿನ ಜಾವ ಒಂದು ಪಾಲು, ರಾತ್ರಿ ಎರಡು ಪಾಲು ಮಾಡಿ ಕೊಡಿ. ಬೆಳಿಗ್ಗೆ ಮೇಯಿಸಿದ ಮೇಲೆ ಮೆಲುಕಿಗೆ ಒಂದೂವರೆ ತಾಸಾದರೂ ಬಿಟ್ಟು ಹೂಡಿ. ಹನ್ನೊಂದಕ್ಕೆ ಕೊರಳು ಬಿಚ್ಚಿ, ನೆರಳಿಗೆ ಕಟ್ಟಿ, ನೀರು ಕುಡಿಸಿ.

ಹೆಗಲಿನ ಬಾವಿಗೆ ಬರೋಣ. ಮೊದಲ ಔಷಧ ನೊಗ ಇಳಿಸುವುದು. ಬಾವು ಹೊಸದಾಗಿ ಬಿಸಿಯಾಗಿದ್ದರೆ ಎರಡು ದಿನ ತಣ್ಣೀರಿನ ಬಟ್ಟೆ ಹಾಕಿ, ಹೊತ್ತಿಗೆ ಕಾಲು ತಾಸಿನಂತೆ ದಿನಕ್ಕೆ ಮೂರು ಸಲ. ಮೂರನೇ ದಿನದಿಂದ ಬಿಸಿ ಉಪ್ಪುನೀರಿನ ಶಾಖ. ಒತ್ತಿದರೆ ಒಳಗೆ ನೀರು ತುಂಬಿದ ಚೀಲದಂತೆ ಅಲುಗಿದರೆ ಕೀವೋ ನೀರೋ ನಿಂತಿದೆ. ಅದನ್ನು ನೀವು ಕೊಯ್ಯಬೇಡಿ, ಕೊಯ್ಯುವುದು ವೈದ್ಯರ ಕೆಲಸ. ಚರ್ಮ ಒಡೆದಿದ್ದರೆ ತಿಳಿಗುಲಾಬಿ ಬಣ್ಣ ಬರುವಷ್ಟು ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿದ ನೀರಿನಿಂದ ತೊಳೆದು, ಒರೆಸಿ ಒಣಗಿಸಿ, ಪೊವಿಡೋನ್ ಅಯೋಡಿನ್ ಮುಲಾಮು ಹಚ್ಚಿ. ನೊಣ ಕೂರದಂತೆ ಗಾಯದ ಸುತ್ತ ಬೇವಿನೆಣ್ಣೆ ಸವರಿ. ಟ್ರ್ಯಾಕ್ಟರಿನ ಸುಟ್ಟ ಆಯಿಲ್, ಬ್ಯಾಟರಿ ಪುಡಿ ಹಚ್ಚುವುದನ್ನೂ ಬರೆ ಹಾಕುವುದನ್ನೂ ದಯವಿಟ್ಟು ಬಿಡಿ. ಅವು ಹೊಸದಾಗಿ ಬೆಳೆಯುವ ಮಾಂಸವನ್ನು ಸುಟ್ಟು, ಕೊಳೆಯನ್ನು ಒಳಗೇ ಮುಚ್ಚುತ್ತವೆ.

ಗಾಯದ ಮೇಲೆ ಗೋಣಿತಟ್ಟು ಸುತ್ತಿ ಹೂಡುವವರಿದ್ದಾರೆ. ಬೆವರು, ಮಳೆ ಕುಡಿದ ತಟ್ಟು ಚರ್ಮವನ್ನು ಇನ್ನಷ್ಟು ನೆನೆಸಿ ಕಿತ್ತುತೆಗೆಯುತ್ತದೆ. ಹೊಸ ಚರ್ಮ ಬಂದು, ಅದರ ಮೇಲೆ ಕೂದಲು ಚಿಗುರಿ, ಹೆಬ್ಬೆರಳಿಂದ ಒತ್ತಿದರೂ ಎತ್ತು ಕದಲದೆ ನಿಂತಾಗ ಮಾತ್ರ ಮತ್ತೆ ಹೂಡಿ. ಮೊದಲ ದಿನ ಎಡೆಕುಂಟಿಯಂಥ ಹಗುರ ಕೆಲಸ, ಅದೂ ಒಂದು ತಾಸು. ನೊಗ ಇಳಿಸಿದ ಮೇಲೆ ಹೆಗಲ ಮೇಲೆ ಕೈಯಿಟ್ಟು ನೋಡಿ. ಸುತ್ತಲಿಗಿಂತ ಬಿಸಿ ಅನ್ನಿಸಿದರೆ ಇನ್ನೂ ಒಂದು ವಾರ ಬಿಡುವು ಕೊಡಿ.

ನಮಸ್ಕಾರ.