ತುಟಿಯ ಗುಳ್ಳೆ: ಮೊದಲ ಜುಮ್ಮಿನಿಂದ ಹಕ್ಕಳೆ ಉದುರುವವರೆಗೆ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ತುಟಿಯ ಅಂಚಿನಲ್ಲಿ ಗೊಂಚಲಾಗಿ ಏಳುವ ಸಣ್ಣ ನೀರುಗುಳ್ಳೆಗಳ ಬಗ್ಗೆ. ಜ್ವರದ ಬೆನ್ನಿಗೇ ಏಳುವುದುಂಟು, ಹಾಗಾಗಿ ಜ್ವರದ ಗುಳ್ಳೆ ಎನ್ನುವವರೂ ಇದ್ದಾರೆ. ಚರ್ಮರೋಗ ವೈದ್ಯೆಯಾಗಿ ನನಗೆ ಬಹಳ ಬೇಸರ ತರುವ ಸಂಗತಿ ಒಂದಿದೆ. ಈ ಗುಳ್ಳೆಗೆ ಔಷಧ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಮೂರನೆಯದೋ ನಾಲ್ಕನೆಯದೋ ದಿನ, ಹಕ್ಕಳೆ ಕಟ್ಟಿದ ಮೇಲೆ ಬರುತ್ತಾರೆ. ಔಷಧ ನಿಜವಾಗಿ ಕೆಲಸ ಮಾಡುವ ಹೊತ್ತು ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಆ ಹೊತ್ತು ಯಾವುದು, ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಕೂಡಲೇ ಏನು ಮಾಡಬೇಕು ಎಂಬುದನ್ನೇ ನಿಧಾನವಾಗಿ ಹೇಳುತ್ತೇನೆ.

ಇದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಅದರಲ್ಲಿ ಎರಡು ಬಗೆ. ತುಟಿಯಲ್ಲಿ ಕಾಣುವುದು ಬಹುತೇಕ ಒಂದನೆಯ ಬಗೆ. ಹರ್ಪಿಸ್ ಎಂಬ ಹೆಸರು ಕೇಳಿದೊಡನೆ ಕೆಲವರ ಮುಖ ಬಾಡುತ್ತದೆ, ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಾರೆ. ಅದರ ಅಗತ್ಯವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 50 ವರ್ಷದೊಳಗಿನ ಜನರಲ್ಲಿ ಸುಮಾರು ಮೂರನೇ ಎರಡು ಭಾಗದವರ ದೇಹದಲ್ಲಿ ಈ ವೈರಸ್ ಇದೆ. ಬಹಳ ಮಂದಿಗೆ ಅದು ಬರುವುದು ಬಾಲ್ಯದಲ್ಲಿ, ಪ್ರೀತಿಯಿಂದ ಕೊಟ್ಟ ಒಂದು ಮುತ್ತಿನಿಂದ. ಎಷ್ಟೋ ಜನಕ್ಕೆ ಅದು ಒಳಗಿದೆ ಎಂಬುದು ಗೊತ್ತೇ ಆಗುವುದಿಲ್ಲ.

ಮೊದಲ ಸಲ ಒಳಬಂದ ವೈರಸ್ ತುಟಿಯ ಚರ್ಮದಲ್ಲಿ ಬೆಳೆದು, ಅಲ್ಲಿನ ನರದ ತುದಿಯೊಳಗೆ ನುಸುಳುತ್ತದೆ. ನರದ ಎಳೆಯಗುಂಟ ಹಿಂದಕ್ಕೆ ಸಾಗಿ ತಲೆಬುರುಡೆಯ ತಳದಲ್ಲಿರುವ ಟ್ರೈಜೆಮಿನಲ್ ನರದ ಗಂಟನ್ನು ಸೇರುತ್ತದೆ. ಮುಖದ ಸ್ಪರ್ಶ, ನೋವುಗಳನ್ನು ಮಿದುಳಿಗೆ ಒಯ್ಯುವ ನರ ಇದು. ಅಲ್ಲಿನ ಜೀವಕೋಶಗಳೊಳಗೆ ವೈರಸ್ ಬೂದಿ ಮುಚ್ಚಿದ ಕೆಂಡದಂತೆ ಉಳಿದುಬಿಡುತ್ತದೆ, ಜೀವನಪೂರ್ತಿ. ಮತ್ತೆ ಎಚ್ಚೆತ್ತಾಗ ಅದೇ ನರದ ದಾರಿಯಲ್ಲಿ ಕೆಳಗಿಳಿದು ಬರುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗುಳ್ಳೆ ಏಳುವುದು ಇದಕ್ಕಾಗಿಯೇ. ಗುಳ್ಳೆ ಏಳುವ ಮುನ್ನ ಆ ಜಾಗ ಜುಮ್ಮೆನ್ನುವುದು, ನವೆಯಾಗುವುದು, ಸಣ್ಣಗೆ ಉರಿಯುವುದೂ ಈ ಪ್ರಯಾಣದ ಗುರುತೇ.

ಎಬ್ಬಿಸುವುದು ಯಾವುದು? ಜ್ವರ, ನೆಗಡಿ, ಅತಿಯಾದ ದಣಿವು, ಮನಸ್ಸಿನ ಒತ್ತಡ, ಕೆಲವು ಹೆಂಗಸರಲ್ಲಿ ಮುಟ್ಟಿನ ದಿನಗಳು, ತುಟಿಗೆ ಆದ ಪೆಟ್ಟು, ತುಟಿಯನ್ನು ಬಹಳ ಹೊತ್ತು ಎಳೆದು ಹಿಡಿಯಬೇಕಾಗುವ ಹಲ್ಲಿನ ಚಿಕಿತ್ಸೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳೂ ಕಾರಣವಾಗುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ನಾವು ತಡೆಯಲಾರೆವು. ಆದರೆ ನಮ್ಮ ಕೈಯಲ್ಲೇ ಇರುವ ಒಂದಿದೆ: ಬಿಸಿಲು.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು, ಅದರಲ್ಲೂ ಯುವಿ-ಬಿ, ತುಟಿಯ ಚರ್ಮವನ್ನು ಸುಡುತ್ತವೆ, ಅಲ್ಲಿನ ರಕ್ಷಣಾ ಕೋಶಗಳನ್ನು ಸ್ವಲ್ಪಕಾಲ ಮಂಕಾಗಿಸುತ್ತವೆ. ಮುಖದ ಉಳಿದ ಭಾಗಕ್ಕೆ ಹೋಲಿಸಿದರೆ ತುಟಿಯ ಚರ್ಮ ತೆಳು, ಬಣ್ಣದ ಕಣಗಳೂ ಅಲ್ಲಿ ಕಡಿಮೆ; ಕೆಳತುಟಿಯಂತೂ ನೇರವಾಗಿ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ಮುಖಕ್ಕೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡು ತುಟಿಯನ್ನು ಹಾಗೇ ಬಿಡುವವರು ಎಷ್ಟು ಮಂದಿ! ಬಿಸಿಲಿಗೆ ಹೋದ ಮೇಲೆ ಗುಳ್ಳೆ ಏಳುವ ಅನುಭವ ನಿಮಗಿದ್ದರೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಲಿಪ್ ಬಾಮ್ ಹಚ್ಚಿ, ಹೊರಗಿರುವಷ್ಟು ಕಾಲ ಎರಡು ಗಂಟೆಗೊಮ್ಮೆ, ತಿಂದು ಕುಡಿದ ಮೇಲೆಯೂ, ಮತ್ತೆ ಹಚ್ಚಿ. ಅಗಲ ಅಂಚಿನ ಟೋಪಿಯೂ ನೆರವಾಗುತ್ತದೆ. ಜ್ವರದಿಂದ ಎದ್ದ ಗುಳ್ಳೆಗೆ ಈ ಬಾಮ್‌ನಿಂದ ಪ್ರಯೋಜನವಿಲ್ಲ. ಆದ್ದರಿಂದ ನಿಮ್ಮ ಗುಳ್ಳೆಯನ್ನು ಎಬ್ಬಿಸುವುದು ಯಾವುದೆಂದು ಮೊದಲು ಕಂಡುಕೊಳ್ಳಿ. ಗುಳ್ಳೆ ಎದ್ದಾಗಲೆಲ್ಲ ಅದರ ಹಿಂದಿನ ಒಂದು ವಾರ ಏನೇನಾಯಿತೆಂದು ಎರಡು ಸಾಲು ಬರೆದಿಟ್ಟರೆ ಸಾಕು, ನಾಲ್ಕಾರು ಸಲದಲ್ಲಿ ಒಂದು ಜಾಡು ಕಾಣಿಸಬಹುದು.

ಈಗ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಮೂವತ್ತೈದರ ಆಸುಪಾಸಿನ ವಯಸ್ಸು, ಬೇರೆ ಕಾಯಿಲೆ ಇಲ್ಲ, ವರ್ಷಕ್ಕೆ ಮೂರು ಸಲ ಗುಳ್ಳೆ ಏಳುತ್ತದೆ. ಭಾನುವಾರ ಇಡೀ ದಿನ ಬಿಸಿಲಿನಲ್ಲಿದ್ದಳು. ಬುಧವಾರ ಸಂಜೆ ಏಳಕ್ಕೆ ಮೇಲ್ದುಟಿಯ ಎಡಗಡೆ, ಎಂದಿನ ಜಾಗದಲ್ಲೇ, ಜುಮ್ಮೆನ್ನುತ್ತದೆ. ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ‘ನಾಳೆ ನೋಡೋಣ’ ಎಂದು ಮಲಗಿದರೆ ಬೆಳಗ್ಗೆ ಕೆಂಪಗಿನ ಊತ, ಸಂಜೆಯೊಳಗೆ ನೀರುಗುಳ್ಳೆ. ಮುಂದಿನ ಒಂದೆರಡು ದಿನದಲ್ಲಿ ಅವು ಒಡೆದು ಹಸಿ ಹುಣ್ಣಾಗುತ್ತವೆ, ಬಳಿಕ ಹಕ್ಕಳೆ ಕಟ್ಟುತ್ತದೆ, ಒಟ್ಟು ಏಳರಿಂದ ಹತ್ತು ದಿನಕ್ಕೆ ವಾಸಿಯಾಗುತ್ತದೆ.

ವೈರಸ್ ಅತಿ ವೇಗವಾಗಿ ಬೆಳೆಯುವುದು ಈ ಮೊದಲ ಒಂದೆರಡು ದಿನಗಳಲ್ಲೇ. ನಮ್ಮಲ್ಲಿರುವ ಔಷಧ ತಟ್ಟುವುದೂ ಬೆಳೆಯುತ್ತಿರುವ ವೈರಸ್ಸಿಗೆ ಮಾತ್ರ. ಅಸೈಕ್ಲೋವಿರ್ ಎಂಬ ಮೂಲ ಔಷಧ ರೂಪುಗೊಂಡದ್ದು 1988ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಗೆರ್ಟ್ರೂಡ್ ಎಲಿಯನ್ ಅವರ ತಂಡದಿಂದ. ಅದರ ಜಾಣತನ ಇರುವುದು ಇಲ್ಲಿ: ವೈರಸ್ ತಾನೇ ತಯಾರಿಸುವ ಒಂದು ಕಿಣ್ವ ಮುಟ್ಟಿದಾಗಷ್ಟೇ ಔಷಧ ಚುರುಕಾಗುತ್ತದೆ. ಹಾಗೆ ಚುರುಕಾದದ್ದು ವೈರಸ್ಸಿನ ಹೊಸ ಡಿಎನ್‌ಎ ಎಳೆಯೊಳಗೆ ಸೇರಿಕೊಂಡು ಆ ಎಳೆ ಮುಂದೆ ಬೆಳೆಯದಂತೆ ನಿಲ್ಲಿಸುತ್ತದೆ. ನರದ ಗಂಟಿನಲ್ಲಿ ಮಲಗಿರುವ ವೈರಸ್ ಆ ಕಿಣ್ವವನ್ನು ತಯಾರಿಸದು, ಆದ್ದರಿಂದ ಔಷಧ ಅದನ್ನು ಬೇರುಸಹಿತ ಕೀಳಲಾರದು. ಹಕ್ಕಳೆ ಕಟ್ಟಿದ ಮೇಲೆ ಉಳಿದಿರುವುದು ಚರ್ಮ ಕೂಡಿಕೊಳ್ಳುವ ಕೆಲಸ; ಅಲ್ಲೂ ಔಷಧಕ್ಕೆ ಹೆಚ್ಚು ಪಾತ್ರವಿಲ್ಲ.

ಹಾಗಾದರೆ ಆ ಹೆಣ್ಣುಮಗಳು ಬುಧವಾರ ಸಂಜೆ ಏಳಕ್ಕೇ ಏನು ಮಾಡಬೇಕಿತ್ತು? ನುಂಗಿದ ಮೇಲೆ ದೇಹದಲ್ಲಿ ಅಸೈಕ್ಲೋವಿರ್ ಆಗಿಯೇ ಬದಲಾಗುವ ವ್ಯಾಲಸೈಕ್ಲೋವಿರ್ ಮಾತ್ರೆ, ವೈದ್ಯರು ಮೊದಲೇ ಬರೆದುಕೊಟ್ಟದ್ದು, ಮನೆಯಲ್ಲಿರಬೇಕಿತ್ತು. ಆರೋಗ್ಯವಂತ ವಯಸ್ಕರಿಗೆ ಇದರ ಪ್ರಮಾಣ 2 ಗ್ರಾಂ, ಅಂದರೆ 1 ಗ್ರಾಮಿನ ಎರಡು ಮಾತ್ರೆ, ಜುಮ್ಮೆಂದ ಕೂಡಲೇ. ಹನ್ನೆರಡು ಗಂಟೆ ಬಿಟ್ಟು, ಗುರುವಾರ ಬೆಳಗ್ಗೆ ಏಳಕ್ಕೆ, ಮತ್ತೆ 2 ಗ್ರಾಂ. ಅಲ್ಲಿಗೆ ಮುಗಿಯಿತು, ಮೂರನೆಯ ಸಲ ಬೇಕಿಲ್ಲ. ಆ ದಿನ ನೀರು ಚೆನ್ನಾಗಿ ಕುಡಿಯಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ, ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಅದಕ್ಕೇ ಚೀಟಿಯನ್ನು ಮೊದಲೇ ಬರೆಸಿಕೊಳ್ಳಿ ಎನ್ನುವುದು. ಜುಮ್ಮೆಂದ ಮೇಲೆ ವೈದ್ಯರನ್ನು ಹುಡುಕಿ ಹೊರಟರೆ ಅಮೂಲ್ಯವಾದ ಒಂದು ದಿನ ಕೈಬಿಟ್ಟಂತೆ.

ಫಲ ಎಷ್ಟು ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಸರಾಸರಿ ಒಂದು ದಿನ ಬೇಗ ವಾಸಿಯಾಗುತ್ತದೆ, ಅಷ್ಟೇ. ಕೆಲವರಿಗೆ ನೀರುಗುಳ್ಳೆಯೇ ಏಳದೆ ಇಳಿದುಹೋಗುವುದುಂಟು, ಆದರೆ ಅದನ್ನು ಮಾತು ಕೊಡಲಾಗದು. ಅಸೈಕ್ಲೋವಿರ್ ಮುಲಾಮು ದಿನಕ್ಕೆ ಐದು ಸಲ, ನಾಲ್ಕೈದು ದಿನ ಹಚ್ಚಬೇಕು. ಅದರ ಫಲ ಇನ್ನೂ ಕಡಿಮೆ, ಸುಮಾರು ಅರ್ಧ ದಿನ. ತಡವಾಗಿ ಹಚ್ಚಿದರೆ ಅದೂ ಇಲ್ಲ.

ಮಾಡಬಾರದ್ದು ಕೆಲವಿವೆ. ಇದು ವೈರಸ್, ಆ್ಯಂಟಿಬಯೋಟಿಕ್ ಇದನ್ನು ಮುಟ್ಟುವುದಿಲ್ಲ. ಕೀವಾದಾಗ ಮಾತ್ರ ಅದರ ಯೋಚನೆ. ಮನೆಯಲ್ಲಿ ಉಳಿದಿರುವ, ತುರಿಕೆಗೆಂದು ತಂದ ಸ್ಟಿರಾಯ್ಡ್ ಮುಲಾಮನ್ನು ನೀವಾಗಿಯೇ ಹಚ್ಚಬೇಡಿ, ಹುಣ್ಣು ಹರಡಬಹುದು. ಟೂತ್‌ಪೇಸ್ಟ್, ಸ್ಪಿರಿಟ್ ಹಚ್ಚಿದರೆ ಚರ್ಮ ಸುಟ್ಟು ವಾಸಿಯಾಗುವುದು ತಡವಾಗುತ್ತದೆ. ಗುಳ್ಳೆ ಚುಚ್ಚಬೇಡಿ, ಹಕ್ಕಳೆ ಕೀಳಬೇಡಿ. ತಣ್ಣೀರಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದರೆ ಉರಿ ತಗ್ಗುತ್ತದೆ, ಹಕ್ಕಳೆ ಬಿರಿಯದಂತೆ ಪೆಟ್ರೋಲಿಯಂ ಜೆಲ್ಲಿ ಸವರಬಹುದು.

ಇನ್ನು ಬೇರೆಯವರಿಗೆ ಹರಡುವ ಮಾತು. ಜುಮ್ಮೆಂದ ಕ್ಷಣದಿಂದ ಹಕ್ಕಳೆ ಪೂರ್ತಿ ಉದುರಿ ಹೊಸ ಚರ್ಮ ಕಾಣುವವರೆಗೂ ಸೋಂಕು ದಾಟಬಹುದು ಎಂದಿಟ್ಟುಕೊಳ್ಳಿ. ಗುಳ್ಳೆಯೊಳಗಿನ ನೀರಿನಲ್ಲಿ ವೈರಸ್ ತುಂಬಿರುತ್ತದೆ, ಆದ್ದರಿಂದ ಗುಳ್ಳೆ ಹಸಿಯಾಗಿರುವ ದಿನಗಳೇ ಹೆಚ್ಚು ಅಪಾಯ. ಆ ದಿನಗಳಲ್ಲಿ ಮುತ್ತು ಬೇಡ; ಲೋಟ, ಚಮಚ, ಟವೆಲ್, ಲಿಪ್ ಬಾಮ್, ರೇಜರ್ ಹಂಚಿಕೊಳ್ಳುವುದು ಬೇಡ. ಬಾಯಿಯಿಂದ ಜನನಾಂಗಕ್ಕೂ ಈ ವೈರಸ್ ದಾಟುತ್ತದೆ, ಮುಜುಗರಪಟ್ಟು ಈ ಮಾತನ್ನು ಬಿಟ್ಟುಬಿಡುವುದು ಸರಿಯಲ್ಲ. ಗುಳ್ಳೆ ಇಲ್ಲದ ದಿನಗಳಲ್ಲೂ ಜೊಲ್ಲಿನಲ್ಲಿ ಆಗೀಗ ವೈರಸ್ ಇರುತ್ತದೆ, ಹಾಗಾಗಿ ನೂರಕ್ಕೆ ನೂರು ತಡೆಯಲು ಯಾರಿಂದಲೂ ಆಗದು. ಮುಲಾಮನ್ನು ಬೆರಳಿನ ಬದಲು ಹತ್ತಿಕಡ್ಡಿಯಿಂದ ಹಚ್ಚಿ, ಹಚ್ಚಿದ ಮೇಲೆ ಕೈ ಸೋಪಿನಿಂದ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಂತೂ ಕೈ ತೊಳೆಯದೆ ಕಣ್ಣು ಮುಟ್ಟಲೇಬಾರದು.

ಎಲ್ಲರಿಗಿಂತ ಹೆಚ್ಚು ಕಾಪಾಡಬೇಕಾದವರು ನವಜಾತ ಶಿಶುಗಳು. ದೊಡ್ಡವರಿಗೆ ತುಟಿಯ ಕಿರಿಕಿರಿಯಾಗಿ ಮುಗಿಯುವ ಇದೇ ವೈರಸ್ ಮೊದಲ ಕೆಲವು ವಾರಗಳ ಕೂಸಿನಲ್ಲಿ ಮಿದುಳು, ಪಿತ್ತಜನಕಾಂಗಗಳಿಗೆ ಹರಡಿ ಜೀವವನ್ನೇ ತೆಗೆಯಬಲ್ಲದು. ನಮ್ಮ ಕಥೆಯ ಹೆಣ್ಣುಮಗಳ ಅಕ್ಕನಿಗೆ ಎರಡು ವಾರದ ಕೂಸಿದೆ ಎಂದುಕೊಳ್ಳಿ. ಹಕ್ಕಳೆ ಉದುರುವವರೆಗೆ ಆಕೆ ನೋಡಲು ಹೋಗದಿರುವುದೇ ಒಳ್ಳೆಯದು. ಗುಳ್ಳೆ ಎದ್ದಿರುವುದು ತಾಯಿಗೇ ಆದರೆ? ಮಗುವನ್ನು ಬೇರ್ಪಡಿಸಬೇಕಿಲ್ಲ. ಮಾಸ್ಕ್ ಹಾಕಿ, ಕೈ ತೊಳೆದು, ಮುತ್ತಿಡದೆ ಹಾಲುಣಿಸಬಹುದು; ಸ್ತನದ ಮೇಲೆ ಹುಣ್ಣಿದ್ದರೆ ಮಾತ್ರ ಆ ಕಡೆಯಿಂದ ಉಣಿಸಬಾರದು. ಕೂಸು ಹಾಲು ಕುಡಿಯದೆ ಮಂಕಾದರೆ, ಜ್ವರ ಬಂದರೆ, ಮೈಮೇಲೆ ಗುಳ್ಳೆ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಎಕ್ಸಿಮಾ ಇರುವ ಮಕ್ಕಳಿಂದಲೂ ದೂರವಿರಿ, ಅವರ ಚರ್ಮದ ಮೇಲೆ ಈ ಸೋಂಕು ಬೇಗ ವ್ಯಾಪಿಸುತ್ತದೆ.

ವರ್ಷಕ್ಕೆ ಆರು ಅಥವಾ ಹೆಚ್ಚು ಸಲ ಗುಳ್ಳೆ ಏಳುವವರಿಗೆ ದಿನಾ ಸಣ್ಣ ಪ್ರಮಾಣದ ಮಾತ್ರೆ, ಸಾಮಾನ್ಯವಾಗಿ ವ್ಯಾಲಸೈಕ್ಲೋವಿರ್ 500 ಮಿಲಿಗ್ರಾಂ, ಕೆಲವು ತಿಂಗಳು ಕೊಡುವ ಕ್ರಮವಿದೆ. ನಿಮ್ಮ ವೈದ್ಯರೊಡನೆ ಮಾತಾಡಿ. ಎರಡು ವಾರವಾದರೂ ವಾಸಿಯಾಗದ ಹುಣ್ಣನ್ನು ತೋರಿಸಲೇಬೇಕು, ಅದು ಬೇರೆಯೇ ಏನೋ ಇರಬಹುದು. ಗುಳ್ಳೆಯ ಜೊತೆಗೋ ಆಮೇಲೋ ಒಂದು ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಂತಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಅವರು ನೋಡುವ ಮೊದಲು ಯಾವ ಹನಿಯನ್ನೂ ಹಾಕಿಕೊಳ್ಳಬೇಡಿ. ಸ್ಟಿರಾಯ್ಡ್ ಇರುವ ಹನಿ ಬಿದ್ದರೆ ಕಾರ್ನಿಯಾದ ಹುಣ್ಣು ಉಲ್ಬಣಿಸಿ ದೃಷ್ಟಿಯೇ ಹೋಗಬಹುದು.