ಮುಖ ಬರೆದವರದೋ, ಬರೆಸಿದವರದೋ?

ಕೇಳುಗರೇ, ನಮಸ್ಕಾರ.

ನಾನು ಫೋಟೋ ನೋಡಿಕೊಂಡು ಮುಖ ಬರೆಯುವವಳು. ಇದ್ದದ್ದು ಇದ್ದಂತೆ ಬರೆಯುವುದಿಲ್ಲ. ಕಣ್ಣು ತುಸು ದೊಡ್ಡದು, ಮೂಗಿಗೆ ಒಂದೇ ಗೆರೆ, ಮೈಬಣ್ಣಕ್ಕೆ ಮೂರೇ ಛಾಯೆ. ಆದರೂ ಮನೆಯವರು ನೋಡಿದ ಕೂಡಲೇ ‘ಇದು ನಮ್ಮ ಅಜ್ಜಿಯೇ’ ಎನ್ನಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬರು ತಮ್ಮ ತಂದೆತಾಯಿಯರ ಮದುವೆಯ ಸುವರ್ಣ ಮಹೋತ್ಸವಕ್ಕೆಂದು ಇಂಥದೊಂದು ಚಿತ್ರ ಬರೆಸಿದರು. ನಾಲ್ಕು ಸಾವಿರ ರೂಪಾಯಿ ಕೊಟ್ಟರು. ಒಂದು ವರ್ಷದ ಮೇಲೆ ನಾನು ಅಂಗಡಿಯಲ್ಲಿ ಆ ಮನೆಯವರದೇ ಉಪ್ಪಿನಕಾಯಿಯ ಬಾಟಲಿಯೊಂದನ್ನು ಕೈಗೆತ್ತಿಕೊಂಡರೆ, ಲೇಬಲ್ಲಿನ ಮೇಲೆ ಅದೇ ಅಜ್ಜ, ಅದೇ ಅಜ್ಜಿ! ಮೂಲೆಯಲ್ಲಿದ್ದ ನನ್ನ ಸಹಿ ಮಾತ್ರ ಕತ್ತರಿಗೆ ಹೋಗಿತ್ತು.

ಚಿತ್ರ ನನ್ನದು, ಹಕ್ಕೂ ನನ್ನದು ಎಂದುಕೊಂಡು ವಕೀಲರ ಬಳಿ ಹೋದೆ. ಅವರು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮನ್ನು ತೆರೆದು ಮುಂದಿಟ್ಟರು. ಸಾಮಾನ್ಯವಾಗಿ ಕೃತಿಯ ಮೊದಲ ಒಡೆತನ ರಚಿಸಿದವರದು. ಆದರೆ ಒಬ್ಬರ ಕೋರಿಕೆಯಂತೆ, ಪ್ರತಿಫಲ ಪಡೆದು ತೆಗೆದ ಫೋಟೋ, ಬರೆದ ವರ್ಣಚಿತ್ರ ಅಥವಾ ಭಾವಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಮೊದಲ ಒಡೆತನ ಬರೆಸಿದವರದು. ಅಂದರೆ ನಾನು ಪುಕ್ಕಟೆಯಾಗಿ ಬರೆದುಕೊಟ್ಟಿದ್ದರೆ ಹಕ್ಕು ನನ್ನಲ್ಲೇ ಉಳಿಯುತ್ತಿತ್ತು. ದುಡ್ಡು ತೆಗೆದುಕೊಂಡು ಕಳೆದುಕೊಂಡೆ. ನನಗೆ ಉಳಿದಿದ್ದು 57ನೆಯ ಕಲಮು. ಒಡೆತನ ಯಾರದೇ ಆಗಿರಲಿ, ‘ಇದನ್ನು ಬರೆದವಳು ನಾನು’ ಎಂದು ಹೇಳಿಕೊಳ್ಳುವ ಹಕ್ಕು, ನನ್ನ ಗೌರವಕ್ಕೆ ಕುಂದಾಗುವಂತೆ ಚಿತ್ರವನ್ನು ವಿಕಾರಗೊಳಿಸಿದರೆ ತಡೆಯುವ ಹಕ್ಕು, ಇವೆರಡು ಬರೆದವರಲ್ಲೇ ಇರುತ್ತವೆ. ಲೇಬಲ್ಲಿನ ಹಣಕ್ಕೆ ಮಾತ್ರ ಅದರಿಂದ ದಾರಿಯಾಗಲಿಲ್ಲ.

ಹಾಗಾಗಿ ಈಗ ಪೆನ್ಸಿಲ್ ಹಿಡಿಯುವ ಮೊದಲೇ ಎರಡು ಸಾಲು ಬರೆದು ಕಳಿಸಿ, ಗ್ರಾಹಕರ ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯುತ್ತೇನೆ: ‘ಈ ಚಿತ್ರದ ಕೃತಿಸ್ವಾಮ್ಯ ಕಲಾವಿದೆಯದು. ಮನೆ ಬಳಕೆಯ ಪರವಾನಗಿ ನಿಮ್ಮದು.’ ಮೊದಲೇ ಎಂಬುದು ಇಲ್ಲಿ ಮುಖ್ಯ. ಚಿತ್ರ ಮುಗಿಯುವ ಹೊತ್ತಿಗೆ ಒಡೆತನ ಗ್ರಾಹಕರಿಗೆ ಸೇರಿಬಿಟ್ಟಿದ್ದರೆ, ಆಮೇಲೆ ಅವರೇ ಸಹಿ ಹಾಕಿ ನನಗೆ ಬರೆದುಕೊಡಬೇಕಾಗುತ್ತದೆ.

ಮನೆ ಬಳಕೆ ಎಂದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಬಹುದು, ನೆಂಟರಿಗೆ ಪ್ರತಿ ಹಂಚಬಹುದು, ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಬಹುದು, ಮೊಬೈಲಿನ ಪ್ರೊಫೈಲಿಗೆ ಇಟ್ಟುಕೊಳ್ಳಬಹುದು. ಮಾರುವ ಸರಕಿನ ಮೇಲೆ ಮತ್ತು ಜಾಹೀರಾತಿನಲ್ಲಿ ಹಾಕುವಂತಿಲ್ಲ. ನನಗೂ ಕಟ್ಟುಪಾಡಿದೆ: ಕೃತಿಸ್ವಾಮ್ಯ ನನ್ನದೆಂದು ಅವರ ಅಜ್ಜಿಯ ಮುಖವನ್ನು ಕಾಫಿ ಲೋಟದ ಮೇಲೆ ಅಚ್ಚೊತ್ತಿ ಮಾರಲಾರೆ. ನನ್ನ ಮಾದರಿ ಚಿತ್ರಗಳ ಜೊತೆ ತೋರಿಸುವುದಕ್ಕೂ ಮನೆಯವರನ್ನು ಕೇಳುತ್ತೇನೆ.

ಇನ್ನು ಬೆಲೆಯ ಲೆಕ್ಕ. ತಿಂಗಳಿಗೆ ಮನೆ ಖರ್ಚು, ಉಪಕರಣ, ತೆರಿಗೆ ಎಲ್ಲ ಸೇರಿ ನನಗೆ 40,000 ರೂಪಾಯಿ ಬೇಕು. ದಿನಕ್ಕೆ 8 ಗಂಟೆಯಂತೆ 25 ದಿನ ಕೂತರೆ 200 ಗಂಟೆ. ಅದರಲ್ಲಿ ಅರ್ಧ ಹೊತ್ತು ವಿಚಾರಣೆಗೆ ಉತ್ತರಿಸುವುದರಲ್ಲಿ, ಬಿಲ್ ಕಳಿಸುವುದರಲ್ಲಿ, ‘ಯೋಚಿಸಿ ಹೇಳುತ್ತೇವೆ’ ಎಂದವರಿಗಾಗಿ ಕಾಯುವುದರಲ್ಲಿ ಹೋಗುತ್ತದೆ. ಉಳಿದ 100 ಗಂಟೆಗೆ ತಲಾ 400 ರೂಪಾಯಿ. ಇಬ್ಬರ ಚಿತ್ರಕ್ಕೆ ಕರಡು 2 ಗಂಟೆ, ಗೆರೆ 2, ಬಣ್ಣ 4, ಮಾತುಕತೆ ಮತ್ತು ತಿದ್ದುಪಡಿ 2, ಒಟ್ಟು 10 ಗಂಟೆ. 4,000 ರೂಪಾಯಿ ಬಂದದ್ದು ಹೀಗೆ. ಅರ್ಧ ಮುಂಗಡ. ತಿದ್ದುಪಡಿ ಎರಡು ಸಲ ಮಾತ್ರ, ಅದೂ ಕರಡಿನ ಹಂತದಲ್ಲಿ. ಬಣ್ಣ ತುಂಬಿದ ಮೇಲೆ ‘ಸೀರೆ ಹಸಿರು ಮಾಡಿ’ ಎಂದರೆ ಗಂಟೆ ಲೆಕ್ಕ. ಅಚ್ಚಿಗೆ ಹೋಗುವ ದೊಡ್ಡ ಫೈಲು ಪೂರ್ತಿ ಹಣ ಬಂದ ಮೇಲೆ.

ಈ 4,000 ನನ್ನ ದುಡಿಮೆಯ ಬೆಲೆ. ಲೇಬಲ್ಲಿನ ಬೆಲೆ ಬೇರೆ, ಏಕೆಂದರೆ ಅಲ್ಲಿ ಚಿತ್ರವೂ ಸರಕು ಮಾರುತ್ತಿರುತ್ತದೆ. ಎಷ್ಟು ದಿನ, ಎಲ್ಲಿ, ಯಾವುದರ ಮೇಲೆ ಎಂಬ ಮೂರು ಪ್ರಶ್ನೆ ಕೇಳಿ ದರ ಹೇಳುತ್ತೇನೆ. ಒಂದು ವರ್ಷ, ಕರ್ನಾಟಕದೊಳಗೆ, ಒಂದೇ ಬಗೆಯ ಲೇಬಲ್ಲಿಗೆ ಎಂದಾದರೆ ದುಡಿಮೆಯ ಬೆಲೆಯಷ್ಟೇ ಇನ್ನೊಂದು ಪಾಲು. ಇದು ನಾನು ಹಾಕಿಕೊಂಡ ಅಳತೆ. ಕಾಯ್ದೆಯಲ್ಲಿ ದರಪಟ್ಟಿ ಇಲ್ಲ. ಆದರೆ ಅವಧಿ ಬರೆಯದೆ ಬಿಟ್ಟ ಪರವಾನಗಿಯನ್ನು ಕಾಯ್ದೆ 5 ವರ್ಷದ್ದೆಂದು, ಪ್ರದೇಶ ಬರೆಯದೆ ಬಿಟ್ಟರೆ ಇಡೀ ಭಾರತಕ್ಕೆಂದು ಎಣಿಸುತ್ತದೆ. ಎರಡು ಪದ ಬರೆಯುವ ಸೋಮಾರಿತನಕ್ಕೆ ನಾಲ್ಕು ವರ್ಷ ಉಚಿತ!

ಕಳೆದ ವರ್ಷ ಅದೇ ಮನೆಯವರು ಮತ್ತೆ ಬಂದರು, ಈ ಸಲ ಹಪ್ಪಳದ ಪೊಟ್ಟಣಕ್ಕೆ ಅಜ್ಜಿಯೊಬ್ಬರದೇ ಚಿತ್ರ ಬೇಕೆಂದು. 6 ಗಂಟೆಯ ಕೆಲಸ, 2,400. ಒಂದು ವರ್ಷದ ಪರವಾನಗಿಗೆ ಮತ್ತೆ 2,400. ಮಗ ಹುಬ್ಬೇರಿಸಿದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದರು: “ಅವಳಿಗೆ ಕೊಡುವುದು ಸರಿ. ನನ್ನ ಮುಖಕ್ಕೆ ಎಷ್ಟು ಕೊಡುತ್ತೀಯಪ್ಪಾ?”

ನಮಸ್ಕಾರ.