ನೇರ ಗೆರೆ ಯಾವುದು: ಸಾರತೆ ಮತ್ತು ಕಾಲದ ಅಂಕಿಗಳಿಂದ ಕ್ರಿಯೆಯ ಕ್ರಮವನ್ನು ನಿರ್ಣಯಿಸುವುದು

ಕೇಳುಗರಿಗೆ ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುತ್ತಿರುವವರು ಇಂದಿನ ಭಾಷಣಕ್ಕೆ ಒಂದು ಹಾಳೆ, ಒಂದು ಪೆನ್ನು ಮತ್ತು ಸಾಧ್ಯವಾದರೆ ಕ್ಯಾಲ್ಕುಲೇಟರನ್ನು ಹತ್ತಿರ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಒಂದು ರಾಸಾಯನಿಕ ಕ್ರಿಯೆ ನಡೆಯುತ್ತಿರುವಾಗ ಪ್ರತಿವರ್ತಕದ ಸಾರತೆಯನ್ನು ಆಗಾಗ ಅಳೆದು ಬರೆದುಕೊಂಡಿದ್ದೇವೆ ಎಂದುಕೊಳ್ಳಿ. ಆ ಅಂಕಿಗಳಿಂದ ಕ್ರಿಯೆಯ ಕ್ರಮ ಶೂನ್ಯವೋ, ಒಂದೋ, ಎರಡೋ ಎಂದು ಹೇಗೆ ನಿರ್ಣಯಿಸಬೇಕು ಎಂಬುದೇ ಇಂದಿನ ವಿಷಯ.

ವಿಧಾನದ ತಿರುಳು ಎಲ್ಲರಿಗೂ ಗೊತ್ತಿರುವಂಥದ್ದೇ. ದರ ನಿಯಮವನ್ನು ಅನುಕಲನ ಮಾಡಿದಾಗ ಪ್ರತಿ ಕ್ರಮಕ್ಕೂ ಒಂದೊಂದು ಸರಳರೇಖೆಯ ಸಮೀಕರಣ ಸಿಗುತ್ತದೆ. ಕ್ರಮ ಶೂನ್ಯವಾಗಿದ್ದರೆ ಸಾರತೆಯನ್ನೇ ಕಾಲಕ್ಕೆ ಎದುರಾಗಿ ಗುರುತಿಸಿದಾಗ ನೇರ ಗೆರೆ ಬರುತ್ತದೆ; ಕ್ರಮ ಒಂದಾಗಿದ್ದರೆ ಸಾರತೆಯ ನ್ಯಾಚುರಲ್ ಲಾಗ್ ನೇರ ಗೆರೆಯಾಗುತ್ತದೆ; ಒಂದೇ ಪ್ರತಿವರ್ತಕವಿದ್ದು ಕ್ರಮ ಎರಡಾಗಿದ್ದರೆ ಸಾರತೆಯ ವ್ಯುತ್ಕ್ರಮ, ಅಂದರೆ ಒಂದನ್ನು ಸಾರತೆಯಿಂದ ಭಾಗಿಸಿದ ಮೌಲ್ಯ, ನೇರವಾಗಿ ಏರುತ್ತದೆ. ಮೂರೂ ನಕ್ಷೆ ಬರೆದು ನೇರವಾದುದನ್ನು ಆರಿಸಿಕೊಳ್ಳಿ ಎಂದು ಪ್ರಾಯೋಗಿಕ ಕೈಪಿಡಿಗಳು ಹೇಳುತ್ತವೆ. ಕಷ್ಟ ಶುರುವಾಗುವುದು ಇಲ್ಲಿಂದಲೇ, ಏಕೆಂದರೆ ಅಂಕಿಗಳನ್ನು ಸಾಕಷ್ಟು ದೂರದವರೆಗೆ ತೆಗೆದುಕೊಂಡಿರದಿದ್ದರೆ ಮೂರೂ ನಕ್ಷೆಗಳು ಹೆಚ್ಚುಕಡಿಮೆ ನೇರವಾಗಿಯೇ ಕಾಣಿಸುತ್ತವೆ.

ಒಂದು ನಿಜವಾದ ಉದಾಹರಣೆಯನ್ನು ಹಿಡಿದು ನೋಡೋಣ. ನೈಟ್ರೋಜನ್ ಡೈಆಕ್ಸೈಡ್ ಅನಿಲವು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೈಟ್ರಿಕ್ ಆಕ್ಸೈಡ್ ಮತ್ತು ಆಕ್ಸಿಜನ್ನಾಗಿ ಒಡೆಯುವ ಕ್ರಿಯೆಯ ಅಂಕಿಗಳು ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ದಯವಿಟ್ಟು ಬರೆದುಕೊಳ್ಳಿ. ಆರಂಭದಲ್ಲಿ ಸಾರತೆ ಲೀಟರಿಗೆ 10.00 ಮಿಲಿಮೋಲ್. 50 ಸೆಕೆಂಡಿಗೆ 7.87. 100 ಸೆಕೆಂಡಿಗೆ 6.49. 200 ಸೆಕೆಂಡಿಗೆ 4.81. 300 ಸೆಕೆಂಡಿಗೆ 3.80. ಇರುವುದು ಐದೇ ಬಿಂದುಗಳು, ಆದರೆ ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಮೊದಲು ಲಾಗ್ ನಕ್ಷೆಯನ್ನು ಪರೀಕ್ಷಿಸೋಣ. ಐದು ಸಾರತೆಗಳ ನ್ಯಾಚುರಲ್ ಲಾಗ್ ಕ್ರಮವಾಗಿ 2.303, 2.063, 1.870, 1.571 ಮತ್ತು 1.335. ಇವನ್ನು ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಹಾಕಿ ಸರಳರೇಖೆ ಎಳೆಸಿದರೆ, ಗೆರೆ ಎಷ್ಟು ಚೆನ್ನಾಗಿ ಹೊಂದಿತು ಎಂದು ತಿಳಿಸುವ ಆರ್ ಸ್ಕ್ವೇರ್ ಎಂಬ ಸಂಖ್ಯೆ 0.982 ಎಂದು ಬರುತ್ತದೆ. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಬಂದಂತೆ ಅನ್ನಿಸಿ, ಕ್ರಮ ಒಂದು ಎಂದು ಬರೆದು ರೆಕಾರ್ಡ್ ಪುಸ್ತಕವನ್ನು ಮುಚ್ಚುವವರೇ ಹೆಚ್ಚು. ಆ ಉತ್ತರ ತಪ್ಪು, ಮತ್ತು ತಪ್ಪೆಂದು ತಿಳಿಯುವ ದಾರಿ ಅದೇ ಅಂಕಿಗಳಲ್ಲಿದೆ.

ಗೆರೆಯನ್ನು ಒಟ್ಟಾಗಿ ನೋಡುವ ಬದಲು ಒಂದು ಬಿಂದುವಿನಿಂದ ಮುಂದಿನ ಬಿಂದುವಿಗೆ ಇಳಿಜಾರು ಎಷ್ಟಿದೆ ಎಂದು ತುಂಡುತುಂಡಾಗಿ ಲೆಕ್ಕ ಹಾಕಿ. ಮೊದಲ 50 ಸೆಕೆಂಡಿನ ತುಂಡಿನಲ್ಲಿ ಲಾಗ್ ಪ್ರತಿ ಸೆಕೆಂಡಿಗೆ 0.0048ರಷ್ಟು ಇಳಿಯುತ್ತದೆ. ಎರಡನೆಯ ತುಂಡಿನಲ್ಲಿ ಅದು 0.0039, ಮೂರನೆಯದರಲ್ಲಿ 0.0030, ಕೊನೆಯದರಲ್ಲಿ 0.0024. ಕ್ರಮ ನಿಜವಾಗಿಯೂ ಒಂದೇ ಆಗಿದ್ದರೆ ಈ ನಾಲ್ಕೂ ಸಂಖ್ಯೆಗಳು ದರ ಸ್ಥಿರಾಂಕವೇ ಆಗಿರಬೇಕಿತ್ತು, ಅಂದರೆ ಅಳತೆಯ ಸಣ್ಣ ದೋಷಗಳನ್ನು ಬಿಟ್ಟರೆ ನಾಲ್ಕೂ ಒಂದೇ ಇರಬೇಕಿತ್ತು. ಇಲ್ಲಿ ಅದು ಒಂದೇ ದಿಕ್ಕಿನಲ್ಲಿ ಇಳಿಯುತ್ತ ಹೋಗಿ ಕೊನೆಗೆ ಅರ್ಧಕ್ಕೆ ಬಂದು ನಿಂತಿದೆ. ಅಳತೆಯ ದೋಷ ಹೀಗೆ ಶಿಸ್ತಾಗಿ ಒಂದೇ ಕಡೆಗೆ ನಡೆಯುವುದಿಲ್ಲ. ಅದು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಬೀಳುತ್ತದೆ. ಎಳೆದ ಗೆರೆಯ ಮೇಲೆ ಬಿಂದುಗಳು ಎಲ್ಲೆಲ್ಲಿ ಕೂತಿವೆ ಎಂದು ನೋಡಿದರೂ ಇದೇ ಸಾಕ್ಷಿ ಸಿಗುತ್ತದೆ: ಎರಡು ತುದಿಯ ಬಿಂದುಗಳು ಗೆರೆಯ ಮೇಲಕ್ಕಿವೆ, ನಡುವಿನ ಮೂರೂ ಕೆಳಕ್ಕಿವೆ. ಆರ್ ಸ್ಕ್ವೇರ್ ಬಿಂದುಗಳು ಗೆರೆಯಿಂದ ಎಷ್ಟು ದೂರವಿವೆ ಎಂಬುದನ್ನು ಮಾತ್ರ ಹೇಳುತ್ತದೆ, ಯಾವ ಕಡೆಗೆ ಯಾವ ವರಸೆಯಲ್ಲಿವೆ ಎಂಬುದನ್ನು ಹೇಳುವುದಿಲ್ಲ. ಕ್ರಮದ ನಿರ್ಣಯಕ್ಕೆ ನಮಗೆ ಬೇಕಾದದ್ದು ಆ ಎರಡನೆಯ ಸಂಗತಿ.

ಈಗ ವ್ಯುತ್ಕ್ರಮಕ್ಕೆ ಬನ್ನಿ. ಮಿಲಿಮೋಲನ್ನು ಮೋಲ್‌ಗೆ ಪರಿವರ್ತಿಸಿ ಭಾಗಿಸಿದರೆ ಮೋಲಿಗೆ ಇಷ್ಟು ಲೀಟರ್ ಎಂಬ ಲೆಕ್ಕದಲ್ಲಿ 100, 127.1, 154.1, 207.9 ಮತ್ತು 263.2 ಬರುತ್ತವೆ. ತುಂಡುತುಂಡಿನ ಇಳಿಜಾರು ಕ್ರಮವಾಗಿ 0.541, 0.540, 0.538, 0.553. ಮೊದಲ ಮೂರು ಬಹುತೇಕ ಒಂದೇ. ಕೊನೆಯದು ಸ್ವಲ್ಪ ಹೆಚ್ಚಿದೆಯಲ್ಲ, ಅದಕ್ಕೆ ಅರ್ಥವಿದೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. 300ನೆಯ ಸೆಕೆಂಡಿನ ಸಾರತೆ 3.80ರ ಬದಲು 3.82 ಆಗಿದ್ದಿದ್ದರೆ ಆ ಇಳಿಜಾರು 0.539ಕ್ಕೆ ಇಳಿಯುತ್ತಿತ್ತು. ಕೊನೆಯ ಅಂಕಿಯಲ್ಲಿ ಎರಡರಷ್ಟು ವ್ಯತ್ಯಾಸ ಅಳತೆಯಲ್ಲಿ ಸಹಜ. ಅದಲ್ಲದೆ ವ್ಯುತ್ಕ್ರಮದ ಸ್ವಭಾವವೇ ಹಾಗೆ: ಲೀಟರಿಗೆ 0.1 ಮಿಲಿಮೋಲಿನ ದೋಷವು ಆರಂಭದ ಬಿಂದುವನ್ನು ಒಂದರಷ್ಟು ಮಾತ್ರ ಸರಿಸಿದರೆ, ಕೊನೆಯ ಬಿಂದುವನ್ನು ಏಳರಷ್ಟು ಸರಿಸುತ್ತದೆ. ಆದ್ದರಿಂದ ವ್ಯುತ್ಕ್ರಮದ ನಕ್ಷೆಯಲ್ಲಿ ಕೊನೆಯ ಬಿಂದುವೊಂದು ಆಚೀಚೆಯಾದರೆ ಕೂಡಲೇ ಗಾಬರಿಯಾಗಬೇಕಿಲ್ಲ. ಇಲ್ಲಿ ಕ್ರಮ ಎರಡು. ಸಾರತೆ ಇಳಿಯುವ ವೇಗದ ಸ್ಥಿರಾಂಕ ಸುಮಾರು 0.54, ಅದರ ಏಕಮಾನ ಪ್ರತಿ ಮೋಲಿಗೆ ಪ್ರತಿ ಸೆಕೆಂಡಿಗೆ ಲೀಟರ್. ಶೂನ್ಯ ಕ್ರಮದ ನಕ್ಷೆಯ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಅದರ ಇಳಿಜಾರು ಮೊದಲ ತುಂಡಿನಿಂದ ಕೊನೆಯ ತುಂಡಿಗೆ ನಾಲ್ಕನೆಯ ಒಂದು ಭಾಗದಷ್ಟಾಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು ಇದಕ್ಕೆ ಹೊಂದಿಕೊಂಡಿದೆ. ಇದೇ ಪ್ರಯೋಗವನ್ನು 100 ಸೆಕೆಂಡಿಗೇ ನಿಲ್ಲಿಸಿದ್ದರೆ ನಮ್ಮ ಕೈಯಲ್ಲಿ ಮೂರೇ ಬಿಂದುಗಳಿರುತ್ತಿದ್ದವು, ಅನಿಲದ ಶೇಕಡಾ 35ರಷ್ಟು ಮಾತ್ರ ಒಡೆದಿರುತ್ತಿತ್ತು. ಆ ಮೂರು ಬಿಂದುಗಳ ಲಾಗ್ ನಕ್ಷೆಗೆ ಆರ್ ಸ್ಕ್ವೇರ್ 0.996, ಶೂನ್ಯ ಕ್ರಮದ ನಕ್ಷೆಗೂ ಅದು 0.985. ಅಂದರೆ ಪ್ರಯೋಗವನ್ನು ಮೊಟಕುಗೊಳಿಸಿದಷ್ಟೂ ತಪ್ಪು ಉತ್ತರ ಹೆಚ್ಚು ಸುಂದರವಾಗಿ ಕಾಣುತ್ತದೆ. ದೊಡ್ಡ ಬಾವಿಯ ದುಂಡು ಕಟ್ಟೆಯನ್ನು ಒಂದು ಗೇಣಿನಷ್ಟು ಮಾತ್ರ ನೋಡಿದವನಿಗೆ ಅದು ನೇರ ಗೋಡೆಯೆಂದೇ ತೋರುವುದು ಸಹಜ. ಕನಿಷ್ಠ ಒಂದು ಅರ್ಧಾಯು ದಾಟುವವರೆಗೆ, ಸಾಧ್ಯವಾದರೆ ಪ್ರತಿವರ್ತಕದ ಮುಕ್ಕಾಲು ಭಾಗ ಮುಗಿಯುವವರೆಗೆ ಅಳತೆ ನಡೆಯಬೇಕು. ನಮ್ಮ ಉದಾಹರಣೆಯಲ್ಲಿ ಸಾರತೆ ಅರ್ಧಕ್ಕಿಳಿಯುವುದು ಸುಮಾರು 185 ಸೆಕೆಂಡಿಗೆ. ಆ ಅರ್ಧಾಯುವನ್ನೇ ಹಿಡಿದು ಕ್ರಮ ಒಂದು ಎಂದು ಭಾವಿಸಿದರೆ 300ನೆಯ ಸೆಕೆಂಡಿಗೆ 3.25 ಉಳಿಯಬೇಕು, ಕ್ರಮ ಎರಡು ಎಂದರೆ 3.8 ಉಳಿಯಬೇಕು. ಅಳೆದದ್ದು 3.80. ಕ್ರಿಯೆಯ ಉತ್ತರಾರ್ಧದಲ್ಲಷ್ಟೇ ಇಂಥ ಕಣ್ಣಿಗೆ ಹೊಡೆಯುವ ಅಂತರ ಸಿಗುತ್ತದೆ.

ನಮ್ಮ ಕಾಲೇಜುಗಳಲ್ಲಿ 300 ಡಿಗ್ರಿಯ ಅನಿಲ ಪ್ರಯೋಗ ನಡೆಯುವುದಿಲ್ಲ. ನಡೆಯುವುದು ಮೀಥೈಲ್ ಅಸಿಟೇಟನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಜಲವಿಭಜಿಸುವ ಪ್ರಯೋಗ. ಆಗಾಗ ಐದು ಮಿಲಿಲೀಟರ್ ದ್ರಾವಣ ತೆಗೆದು, ಮಂಜುಗಡ್ಡೆ ಹಾಕಿದ ನೀರಿಗೆ ಸುರಿದು ಕ್ರಿಯೆಯನ್ನು ತಡೆದು, ಫಿನಾಫ್ತಲೀನ್ ಹಾಕಿ ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡುತ್ತೇವೆ. ಇಲ್ಲಿ ಎಸ್ಟರಿನ ಸಾರತೆಯನ್ನು ನೇರವಾಗಿ ಅಳೆಯುವುದಿಲ್ಲ. ಕ್ರಿಯೆ ಪೂರ್ತಿ ಮುಗಿದಾಗಿನ ಬ್ಯುರೆಟ್ ರೀಡಿಂಗಿನಿಂದ, ಅಂದರೆ ಇನ್ಫಿನಿಟಿ ರೀಡಿಂಗಿನಿಂದ, ಆಯಾ ಹೊತ್ತಿನ ರೀಡಿಂಗನ್ನು ಕಳೆದಾಗ ಉಳಿದ ಎಸ್ಟರಿಗೆ ಅನುಪಾತವಾದ ಸಂಖ್ಯೆ ಸಿಗುತ್ತದೆ. ಹೀಗಾಗಿ ಒಂದೇ ಒಂದು ರೀಡಿಂಗಿನ ದೋಷ ಎಲ್ಲ ಬಿಂದುಗಳೊಳಗೂ ಹೊಕ್ಕು ಕೂರುತ್ತದೆ. ಇನ್ಫಿನಿಟಿ ರೀಡಿಂಗಿಗಾಗಿ ದ್ರಾವಣದ ಒಂದು ಭಾಗವನ್ನು ಬಿಸಿ ಮಾಡುವ ರೂಢಿ ಇದೆ. ಮೀಥೈಲ್ ಅಸಿಟೇಟ್ 57 ಡಿಗ್ರಿಗೇ ಕುದಿಯುವ ವಸ್ತು. ಬಿರಡೆ ಸಡಿಲವಿದ್ದರೆ ಒಂದಿಷ್ಟು ಎಸ್ಟರು ಆವಿಯಾಗಿ ಹೋಗಿ ರೀಡಿಂಗ್ ಕಡಿಮೆ ಬರುತ್ತದೆ. ನಿಜವಾದದ್ದು 40 ಮಿಲಿಲೀಟರ್ ಇದ್ದು ನಮಗೆ 39 ಸಿಕ್ಕಿತು ಎನ್ನಿ. ಆರಂಭದಲ್ಲಿ 20 ಉಳಿಯಬೇಕಾದಲ್ಲಿ 19 ಉಳಿಯುತ್ತದೆ, ಶೇಕಡಾ ಐದರ ತಪ್ಪು. ಕೊನೆಯಲ್ಲಿ 3 ಉಳಿಯಬೇಕಾದಲ್ಲಿ 2 ಉಳಿಯುತ್ತದೆ, ಮೂರನೆಯ ಒಂದು ಭಾಗವೇ ಮಾಯ. ಲಾಗ್ ನಕ್ಷೆಯ ಬಾಲ ಕೆಳಕ್ಕೆ ಬಾಗುತ್ತದೆ.

ಬಾಗುವಿಕೆಯ ಈ ದಿಕ್ಕನ್ನು ಗಮನಿಸಿ. ಕ್ರಮ ಎರಡಾಗಿದ್ದರೆ ಲಾಗ್ ನಕ್ಷೆಯ ತುಂಡುಗಳ ಇಳಿಜಾರು ಕಾಲ ಕಳೆದಂತೆ ಕಡಿಮೆಯಾಗುತ್ತದೆ; ಇನ್ಫಿನಿಟಿ ರೀಡಿಂಗ್ ಕಡಿಮೆಯಾಗಿದ್ದರೆ ಅದು ಹೆಚ್ಚುತ್ತದೆ, ಅದೂ ಮುಖ್ಯವಾಗಿ ಕೊನೆಯ ಒಂದೆರಡು ತುಂಡುಗಳಲ್ಲಿ. ಇಳಿಜಾರು ಮೊದಲಿನಿಂದಲೇ ನಿಧಾನವಾಗಿ ಏರುತ್ತಿದ್ದರೆ ಥರ್ಮಾಮೀಟರ್ ನೋಡಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಬೆಳಿಗ್ಗೆ ಹತ್ತಕ್ಕೆ ಶುರುವಾದ ಪ್ರಯೋಗ ಮಧ್ಯಾಹ್ನ ಒಂದಕ್ಕೆ ಮುಗಿಯುವ ಹೊತ್ತಿಗೆ ಕೋಣೆಯ ಬಿಸಿ ಐದು ಡಿಗ್ರಿ ಏರಿದರೆ ಆಶ್ಚರ್ಯವಿಲ್ಲ. ಹತ್ತು ಡಿಗ್ರಿಗೆ ದರ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕ ಹಿಡಿದರೂ ಐದು ಡಿಗ್ರಿಗೆ ಸ್ಥಿರಾಂಕ ಶೇಕಡಾ 40ರಷ್ಟು ಹೆಚ್ಚುತ್ತದೆ. ಇದರಲ್ಲಿ ಇನ್ನೊಂದು ಅಪಾಯವೂ ಅಡಗಿದೆ: ನಿಜವಾಗಿಯೂ ಎರಡನೆಯ ಕ್ರಮದ ಕ್ರಿಯೆಯ ಲಾಗ್ ನಕ್ಷೆ ಮೇಲಕ್ಕೆ ಬಾಗಬೇಕಾದದ್ದನ್ನು ಏರುವ ಬಿಸಿ ಕೆಳಕ್ಕೆ ಎಳೆದು ಹುಸಿ ನೇರ ಗೆರೆಯನ್ನು ಕೊಡಬಹುದು. ಬಾಟಲಿಯನ್ನು ಥರ್ಮೋಸ್ಟಾಟ್ ಇರುವ ನೀರಿನ ತೊಟ್ಟಿಯಲ್ಲಿಟ್ಟು, ಪ್ರತಿ ರೀಡಿಂಗಿನ ಪಕ್ಕದಲ್ಲಿ ಉಷ್ಣತೆಯನ್ನೂ ಬರೆಯುವುದೇ ಇದಕ್ಕಿರುವ ಉಪಾಯ.

ಎಸ್ಟರಿನ ಪ್ರಯೋಗದಲ್ಲಿ ಲಾಗ್ ನಕ್ಷೆ ಕೊನೆಯವರೆಗೂ ನೇರವಾಗಿ ಬಂದರೂ ಅದು ತಿಳಿಸುವುದು ಎಸ್ಟರಿಗೆ ಸಂಬಂಧಿಸಿದ ಕ್ರಮವನ್ನು ಮಾತ್ರ. ನೀರು ಅಪಾರವಾಗಿದೆ, ಆಮ್ಲ ವೇಗವರ್ಧಕವಾದ್ದರಿಂದ ವ್ಯಯವಾಗುವುದಿಲ್ಲ. ಎರಡರ ಸಾರತೆಯೂ ಬದಲಾಗದೆ ಸ್ಥಿರಾಂಕದೊಳಗೇ ಸೇರಿಹೋಗಿರುತ್ತದೆ. ಆಮ್ಲದ ಸಾರತೆಯನ್ನು ಅರ್ಧಕ್ಕಿಳಿಸಿ ಮತ್ತೊಮ್ಮೆ ಮಾಡಿದರೆ ಗೆರೆ ನೇರವಾಗಿಯೇ ಇರುತ್ತದೆ, ಇಳಿಜಾರು ಮಾತ್ರ ಸುಮಾರು ಅರ್ಧವಾಗುತ್ತದೆ. ಪ್ರತಿವರ್ತಕದ ಕ್ರಮದ ಬಗ್ಗೆಯೇ ಅನುಮಾನ ಉಳಿದಿದ್ದರೆ ಆರಂಭದ ಸಾರತೆಯನ್ನು ಬದಲಿಸಿ ನೋಡಬೇಕು. ನೈಟ್ರೋಜನ್ ಡೈಆಕ್ಸೈಡನ್ನು ಲೀಟರಿಗೆ 20 ಮಿಲಿಮೋಲಿನಿಂದ ಶುರು ಮಾಡಿದರೆ ಅರ್ಧಾಯು 185 ಸೆಕೆಂಡಿನಿಂದ ಸುಮಾರು 92ಕ್ಕೆ ಇಳಿಯುತ್ತದೆ. ಕ್ರಮ ಒಂದಾಗಿದ್ದಿದ್ದರೆ ಅದು 185ರಲ್ಲೇ ನಿಲ್ಲಬೇಕಿತ್ತು.

ನಮಸ್ಕಾರ.